ಕಾರ್ಪೆಟ್ ಏರಿಯಾ ಅಳೆಯದೆ ಪೊಸೆಷನ್ ಪತ್ರಕ್ಕೆ ಸಹಿ ಹಾಕಬೇಡಿ

ಬೆಂಗಳೂರಿನಲ್ಲಿ ಫ್ಲಾಟ್ ಬುಕ್ ಮಾಡಿ ಕೀಲಿಗಾಗಿ ಕಾಯುತ್ತಿರುವವರು ದಯವಿಟ್ಟು ಇದನ್ನು ಓದಿ. ಬಿಲ್ಡರ್ ಹೆಸರು ಇಲ್ಲಿ ಹಾಕುವುದಿಲ್ಲ, ವಿಷಯ ರೇರಾ ಮುಂದೆ ಇದೆ. ಅಗ್ರಿಮೆಂಟಿನಲ್ಲಿ 750 ಚದರ ಅಡಿ ಕಾರ್ಪೆಟ್ ಏರಿಯಾ ಎಂದು ಬರೆದು, 714 ಕೊಟ್ಟು, ಕೇಳಿದ್ದಕ್ಕೆ ನಮಗೇ ಲೆಕ್ಕ ಬರುವುದಿಲ್ಲ ಅನ್ನುವ ಹಾಗೆ ಮಾತಾಡಿದರು. ಬರೆಯುವಾಗ ಈಗಲೂ ಮೈ ಉರಿಯುತ್ತದೆ.

ಗೊತ್ತಾಗಿದ್ದು ವಾರ್ಡ್‌ರೋಬ್ ಮಾಡುವ ಕಾರ್ಪೆಂಟರ್‌ನಿಂದ. ಪ್ಲಾನ್‌ನಲ್ಲಿ ಮಲಗುವ ಕೋಣೆ 12 ಅಡಿಗೆ 11 ಅಡಿ. ಅವನು ಟೇಪ್ ಹಿಡಿದು, "ಸಾರ್, ಇಲ್ಲಿ 10 ಅಡಿ 2 ಇಂಚು ಇದೆ. ಮಂಚ ಹಾಕಿದ್ರೆ ವಾರ್ಡ್‌ರೋಬ್ ಬಾಗಿಲು ತೆಗೆಯೋಕಾಗಲ್ಲ" ಅಂದ. ನಾನು ನಂಬದೆ ಮತ್ತೆ ಅಳೆಸಿದೆ. ಮತ್ತೆ 10 ಅಡಿ 2 ಇಂಚೇ. ಜೊತೆಗೆ ಬಂದಿದ್ದ ಮಾವನವರು ಏನೂ ಹೇಳದೆ ಬಾಲ್ಕನಿಗೆ ಹೋಗಿ ನಿಂತರು. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಸುಮ್ನೆ ಕೋಣೆಗಳ ಅಳತೆ ಕೂಡಿಸಿಕೊಂಡು ಬಿಲ್ಡರ್ ಹತ್ತಿರ ಓಡಬೇಡಿ, ಅಲ್ಲೇ ಅವರಿಗೆ ನಗಲು ಅವಕಾಶ ಸಿಗುತ್ತದೆ. ರೇರಾ ಕಾಯ್ದೆಯ ಪ್ರಕಾರ ಒಳಗಿನ ಗೋಡೆಗಳು ನಿಂತ ಜಾಗವೂ ಕಾರ್ಪೆಟ್ ಏರಿಯಾಗೆ ಸೇರುತ್ತದೆ. ಹೊರಗಿನ ಗೋಡೆ, ಪೈಪ್ ಹೋಗುವ ಡಕ್ಟ್, ನಿಮ್ಮ ಬಾಲ್ಕನಿ ಮತ್ತು ನಿಮ್ಮ ತೆರೆದ ಟೆರೇಸ್ ಸೇರುವುದಿಲ್ಲ. ನಾನು ಒಬ್ಬ ಸಿವಿಲ್ ಎಂಜಿನಿಯರ್ ಕರೆಸಿ ಅಳೆಸಿದೆ. ಕೋಣೆಗಳದ್ದು 676, ಒಳಗೋಡೆಗಳದ್ದು 38, ಒಟ್ಟು 714. ಕಡಿಮೆ ಬಿದ್ದಿದ್ದು 36 ಚದರ ಅಡಿ, ಅಂದರೆ ಶೇ. 4.8. ಹೋಗಿದ್ದು ಎಲ್ಲಿಗೆ ಅಂತ ಆ ಎಂಜಿನಿಯರೇ ತೋರಿಸಿದರು. ಕೋಣೆಗೂ ಬಾತ್‌ರೂಮಿಗೂ ಅಂಟಿಕೊಂಡ ಡಕ್ಟ್ ಪ್ಲಾನಿಗಿಂತ ದೊಡ್ಡದಾಗಿ 22 ಚದರ ಅಡಿ ನುಂಗಿದೆ. ಲಿಫ್ಟ್ ಕಡೆಯ ಗೋಡೆ ಹಾಲ್ ಒಳಗೆ ಸರಿದು ಇನ್ನು 14 ಹೋಗಿದೆ.

ಪೊಸೆಷನ್ ದಿನ ಒಂದು ಅಚ್ಚಾದ ಪತ್ರ ಮುಂದಿಟ್ಟರು. "ಅಳತೆ ಪರಿಶೀಲಿಸಿದ್ದೇನೆ, ವಿಸ್ತೀರ್ಣದ ಬಗ್ಗೆ ಯಾವ ತಕರಾರೂ ಇಲ್ಲ" ಅನ್ನುವ ಸಾಲು ಐದನೆಯದೋ ಆರನೆಯದೋ ಆಗಿ ಅದರಲ್ಲಿತ್ತು. ನಾನು ಸಹಿ ಹಾಕಲ್ಲ ಅಂದೆ. "ಹಾಗಾದ್ರೆ ಕೀಲಿ ಇಲ್ಲ ಸಾರ್" ಅಂದಳು ಬಿಲ್ಡರ್ ಕಡೆಯ ಹುಡುಗಿ, ನಗುತ್ತಲೇ. ಕೊನೆಗೆ ಆ ಸಾಲು ಹೊಡೆದು ಹಾಕಿ, "ಕಾರ್ಪೆಟ್ ಏರಿಯಾ ಕೊರತೆಯ ಬಗ್ಗೆ ನನ್ನ ಹಕ್ಕು ಕಾಯ್ದಿರಿಸಿ ಸ್ವಾಧೀನ ಪಡೆಯುತ್ತಿದ್ದೇನೆ" ಎಂದು ಪಕ್ಕದಲ್ಲಿ ಕೈಯಲ್ಲೇ ಬರೆದು ಸಹಿ ಹಾಕಿ, ಫೋಟೋ ತೆಗೆದುಕೊಂಡೆ. ಕೊನೆಯ ಕಂತನ್ನು ಮಾತ್ರ ತಡೆಹಿಡಿಯಲಿಲ್ಲ. ಕಂತು ತಡವಾದರೆ ನಾವೇ ಬಡ್ಡಿ ಕಟ್ಟಬೇಕಾಗುತ್ತದೆ, ಅದೇ ಅವರಿಗೆ ಅಸ್ತ್ರವಾಗುತ್ತದೆ. ಹಣ ಕಟ್ಟಿ, ಹಕ್ಕು ಕಾಯ್ದಿರಿಸಿದ್ದೇನೆ ಎಂದು ಮೇಲ್ ಹಾಕಿದೆ.

ಆಮೇಲೆ ಪತ್ರ ಬರೆದೆ. ಇಮೇಲ್ ಒಂದು, ಸ್ವೀಕೃತಿ ಸಮೇತ ರಿಜಿಸ್ಟರ್ಡ್ ಪೋಸ್ಟ್ ಒಂದು. ಬೈಗುಳ ಎಲ್ಲಾ ಬರೆದು ಅಳಿಸಿ, ಲೆಕ್ಕ ಮಾತ್ರ ಉಳಿಸಿದೆ:

"ಅಗ್ರಿಮೆಂಟಿನ ಪ್ರಕಾರ ಕಾರ್ಪೆಟ್ ಏರಿಯಾ 750 ಚದರ ಅಡಿ, ಮೂಲ ಬೆಲೆ 72,00,000 ರೂಪಾಯಿ. ಅಂದರೆ ಚದರ ಅಡಿಗೆ 9,600. ಸ್ವಾಧೀನದ ವೇಳೆ ಇರುವುದು 714. ಕೊರತೆ 36 ಚದರ ಅಡಿಗೆ 3,45,600 ರೂಪಾಯಿ, ಅದರ ಮೇಲೆ ನಾನು ಕಟ್ಟಿದ ಶೇ. 5 ಜಿಎಸ್‌ಟಿ 17,280, ಒಟ್ಟು 3,62,880 ರೂಪಾಯಿಯನ್ನು ನಿಯಮದ ಬಡ್ಡಿಯೊಂದಿಗೆ ಹಿಂದಿರುಗಿಸಿ. ನನ್ನ ಅಳತೆ ತಪ್ಪು ಎಂದಾದರೆ, ಕೋಣೆವಾರು ಜಂಟಿ ಅಳತೆಗೆ ದಿನಾಂಕ ತಿಳಿಸಿ."

ಬಡ್ಡಿ ಅಂದರೆ, ಕರ್ನಾಟಕದ ನಿಯಮದಲ್ಲಿ ಎಸ್‌ಬಿಐಯ ಅತಿ ಹೆಚ್ಚಿನ ಎಂಸಿಎಲ್‌ಆರ್, ಅಂದರೆ ಬ್ಯಾಂಕ್ ಸಾಲಕ್ಕೆ ಆಧಾರವಾಗಿಡುವ ಬಡ್ಡಿದರ, ಅದರ ಮೇಲೆ ಶೇ. 2. ಪತ್ರದ ಜೊತೆ ಎಂಜಿನಿಯರ್ ವರದಿ, ಅಗ್ರಿಮೆಂಟಿನ ಆ ಪುಟ ಮತ್ತು ಮಂಜೂರಾದ ಪ್ಲಾನ್ ಲಗತ್ತಿಸಿದೆ.

ಮೊದಲ ಉತ್ತರ ವಾಟ್ಸಾಪ್‌ನಲ್ಲಿ ಬಂತು: "ಸಾರ್ ಏರಿಯಾ ಎಲ್ಲಾ ಕರೆಕ್ಟ್ ಇದೆ, ಟೆನ್ಶನ್ ಬೇಡ." ಎರಡನೆಯದು ಮೇಲ್: ಸೂಪರ್ ಬಿಲ್ಟ್‌ಅಪ್ 1,120 ಹಾಗೇ ಇದೆ, ಆದ್ದರಿಂದ ಕೊರತೆಯ ಪ್ರಶ್ನೆಯೇ ಇಲ್ಲ. ನಾನು ಸೂಪರ್ ಬಿಲ್ಟ್‌ಅಪ್ ಕೇಳಿದ್ದೇನಾ? ಅದರಲ್ಲಿ ಲಾಬಿ, ಮೆಟ್ಟಿಲು, ಲಿಫ್ಟ್ ಎಲ್ಲಾ ಇರುತ್ತದೆ. ಅಲ್ಲಿ ಮಂಚ ಹಾಕಲಾ?

ಮೂರನೆಯದರಲ್ಲಿ ಪ್ಲಾಸ್ಟರ್ ಕಥೆ ಬಂತು, ಪ್ಲಾಸ್ಟರ್ ಮಾಡಿದ ಮೇಲೆ ಏರಿಯಾ ಕಡಿಮೆ ಕಾಣುವುದು ಸಹಜವಂತೆ. ಎಂಜಿನಿಯರ್ ನಕ್ಕರು. ಒಳಗೋಡೆ ಹೇಗೂ ಲೆಕ್ಕಕ್ಕೆ ಸೇರುವುದರಿಂದ ಅದರ ಪ್ಲಾಸ್ಟರ್‌ನಿಂದ ಏನೂ ಕಳೆಯುವುದಿಲ್ಲ. ಉಳಿದಿದ್ದು ಹೊರಗೋಡೆಯ ಒಳಮೈ ಮಾತ್ರ. ನಮ್ಮ ಫ್ಲಾಟಿನ ಸುತ್ತಳತೆ ಸುಮಾರು 110 ಅಡಿ, ಅರ್ಧ ಇಂಚು ಪ್ಲಾಸ್ಟರ್ ಅಂದರೂ ಐದು ಚದರ ಅಡಿ ಕೂಡ ಆಗಲ್ಲ. 36 ಎಲ್ಲಿ, ಐದು ಎಲ್ಲಿ? ಅದೇ ಮೇಲ್‌ನಲ್ಲಿ "ಶೇ. 3 ವ್ಯತ್ಯಾಸಕ್ಕೆ ಅವಕಾಶವಿದೆ" ಅಂತಲೂ ಇತ್ತು. ನಮ್ಮ ಅಗ್ರಿಮೆಂಟ್ ತೆಗೆದು ನೋಡಿದೆ. ಆ ಶೇ. 3 ಇರುವುದು ಏರಿಯಾ ಹೆಚ್ಚಾದರೆ ನಮ್ಮಿಂದ ಎಷ್ಟರವರೆಗೆ ಜಾಸ್ತಿ ಕೇಳಬಹುದು ಅನ್ನುವುದಕ್ಕೆ. ಕಡಿಮೆಯಾದರೆ ಅದೇ ದರದಲ್ಲಿ ಬಡ್ಡಿ ಸಮೇತ ವಾಪಸ್ ಕೊಡಬೇಕು ಎಂದು ಅದೇ ಕಲಮಿನಲ್ಲಿದೆ. ಅರ್ಧ ಸಾಲು ತೋರಿಸಿ ಉಳಿದರ್ಧ ಮುಚ್ಚಿಟ್ಟಿದ್ದರು.

ನಿಜವಾಗಿ ಟೋಪಿ ಹಾಕಲು ಹೊರಟಿದ್ದು ನಾಲ್ಕನೇ ಉತ್ತರದಲ್ಲಿ. "ನಮ್ಮ ಅಳತೆ 748, ಕೊರತೆ ಬರೀ ಎರಡು ಅಡಿ" ಎಂದು ಒಂದು ಪಟ್ಟಿ ಕಳಿಸಿದರು. ನಾನು ಒಂದು ಕ್ಷಣ ನನ್ನ ಎಂಜಿನಿಯರನ್ನೇ ಅನುಮಾನಿಸಿದೆ. ರಾತ್ರಿ ಕೂತು ಆ ಪಟ್ಟಿಯ ಸಾಲು ಸಾಲು ನೋಡಿದೆ. ಕೊನೆಯಲ್ಲಿ "ಯುಟಿಲಿಟಿ ಇತ್ಯಾದಿ, 34" ಅಂತ ಇದೆ. ಬಟ್ಟೆ ಒಗೆಯುವ ಬಾಲ್ಕನಿ ಮತ್ತು ಹಾಲ್‌ನ ಬಾಲ್ಕನಿ! ಅಗ್ರಿಮೆಂಟಿನಲ್ಲಿ ಕಾರ್ಪೆಟ್ 750, ಬಾಲ್ಕನಿ 34 ಬೇರೆ ಬೇರೆ ಬರೆದಿದೆ. `rera.karnataka.gov.in` ನಲ್ಲಿ ಅವರೇ ಹಾಕಿದ ಪ್ರಾಜೆಕ್ಟ್ ವಿವರದಲ್ಲೂ ಹಾಗೇ ಇದೆ. ಅವೇ ಬಾಲ್ಕನಿಗಳನ್ನು ಎರಡು ಸಲ ಎಣಿಸಿದ್ದರು. ಅದನ್ನು ಬರೆದು ಕಳಿಸಿದ ಮೇಲೆ ಮೇಲ್‌ಗೆ ಉತ್ತರ ಬರಲಿಲ್ಲ, ಫೋನ್ ಬಂತು: "ಸಾರ್, ಒಂದು ವರ್ಷದ ಮೆಂಟೇನೆನ್ಸ್ ಬಿಡ್ತೀವಿ, ತಕರಾರಿಲ್ಲ ಅಂತ ಒಂದು ಲೆಟರ್ ಕೊಡಿ." ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ. ಅದನ್ನೇ ಮೇಲ್‌ನಲ್ಲಿ ಕಳಿಸಿ ಅಂದೆ, ಕಳಿಸಲಿಲ್ಲ.

ಆಮೇಲೂ ಹಣ ವಾಪಸ್ ಬರದಿದ್ದಾಗ ರೇರಾ ಕಾಯ್ದೆಯ 31ನೇ ಸೆಕ್ಷನ್ ಅಡಿ ಕರ್ನಾಟಕ ರೇರಾಗೆ ದೂರು ಕೊಟ್ಟಿದ್ದೇನೆ. ವಿಚಾರಣೆ ಇನ್ನೂ ನಡೆಯುತ್ತಿದೆ. ಆ ನಾಲ್ಕು ಉತ್ತರಗಳೂ ಈಗ ನನ್ನ ದಾಖಲೆಯಲ್ಲಿವೆ. ಫೋನ್‌ನಲ್ಲಿ ಆಡಿದ್ದಕ್ಕೆ ಮಾತ್ರ ಏನೂ ಇಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಇವರ ಜೊತೆ ಫೋನ್‌ನಲ್ಲಿ ಮಾತಾಡಲೇಬೇಡಿ. ಎಲ್ಲಾ ಬರವಣಿಗೆಯಲ್ಲಿ.

ಇನ್ನೊಂದು. ಮೊನ್ನೆ ಸೇಲ್ ಡೀಡ್ ಕರಡು ಕಳಿಸಿದ್ದಾರೆ. ಇಷ್ಟೆಲ್ಲಾ ಆದ ಮೇಲೂ ಶೆಡ್ಯೂಲ್‌ನಲ್ಲಿ ಕಾರ್ಪೆಟ್ ಏರಿಯಾ 750 ಅಂತಲೇ ಇದೆ. ಕೆಳಗೆ "ಖರೀದಿದಾರರು ವಿಸ್ತೀರ್ಣದ ಬಗ್ಗೆ ತೃಪ್ತರಾಗಿದ್ದಾರೆ" ಅನ್ನುವ ಸಾಲು ಬೇರೆ. ಪೊಸೆಷನ್ ಪತ್ರದಲ್ಲಿ ಹೊಡೆದು ಹಾಕಿದ್ದನ್ನೇ ಇಲ್ಲಿ ತಂದು ಸೇರಿಸಿದ್ದಾರೆ! 714 ಎಂದು ತಿದ್ದಿ, ಆ ಸಾಲು ತೆಗೆಯಿರಿ ಎಂದು ಮೇಲ್ ಮಾಡಿದ್ದೇನೆ. "ಲೀಗಲ್ ಟೀಮ್ ನೋಡ್ತಿದೆ ಸಾರ್" ಅಂದಿದ್ದಾರೆ. ನಿಮ್ಮ ಕರಡು ಬಂದಿದ್ದರೆ ಇವತ್ತೇ ತೆಗೆದು ಶೆಡ್ಯೂಲ್ ಓದಿ.