ಇವೆಂಟ್ ಪ್ಲಾನರ್‌ಗಳಿಗೆ ಮೇಲ್ ಬರೆದು ಕೆಲಸ ಕೇಳುವ ಫೋಟೊಗ್ರಾಫರ್‌ಗಳಿಗೆ ಒಂದು ಎಚ್ಚರಿಕೆ

ನಾನು ಕುಮಟಾದಲ್ಲಿ 11 ವರ್ಷಗಳಿಂದ ಮದುವೆ ಫೋಟೊ ತೆಗೆಯುತ್ತಿದ್ದೇನೆ. 2024ರ ಚೌತಿ ಮುಗಿದ ವಾರ ಹುಬ್ಬಳ್ಳಿ, ಗೋವಾ ಮತ್ತು ಬೆಂಗಳೂರಿನ 26 ಇವೆಂಟ್ ಪ್ಲಾನರ್‌ಗಳಿಗೆ, ಒಬ್ಬರ ಪರಿಚಯವೂ ಇಲ್ಲದೆ, ಒಂದೇ ಮೇಲ್ ಕಳುಹಿಸಿದೆ. ಗೋಕರ್ಣ, ಮುರ್ಡೇಶ್ವರ, ಕಾರವಾರದ ಕಡಲತೀರದ ರೆಸಾರ್ಟ್‌ಗಳಲ್ಲಿ ಅವರು ನಡೆಸುವ ಮದುವೆಗಳ ಫೋಟೊ ಕೆಲಸವನ್ನು ನನಗೆ ಸಬ್ ಕಾಂಟ್ರ್ಯಾಕ್ಟ್ ಆಗಿ, ವರ್ಷಪೂರ್ತಿ ಕೊಡಬೇಕೆಂಬುದು ಅದರಲ್ಲಿದ್ದ ಕೋರಿಕೆ. ಆ ಒಂದು ಮೇಲ್‌ನಿಂದ ನನ್ನ ಒಂದು ಸೀಸನ್ ಹಾಳಾಯಿತು. ಅದರ 45,000 ರೂಪಾಯಿ ಇಂದಿಗೂ ಕೈಗೆ ಬಂದಿಲ್ಲ. ಕೆಲಸ ಕೊಟ್ಟವರು ಮಾಡಿದ್ದು ತಪ್ಪು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಹಾಗೆ ಮಾಡಲು ಅವರಿಗೆ ದಾರಿ ತೆರೆದುಕೊಟ್ಟದ್ದು ನನ್ನ ಮೇಲ್‌ನಲ್ಲಿದ್ದ ಎರಡು ವಾಕ್ಯಗಳು. ಈ ಸೀಸನ್ನಿಗೆ ಇಂಥದೇ ಮೇಲ್ ಬರೆಯಲು ಕುಳಿತಿರುವ ಕರಾವಳಿಯ ಮತ್ತು ಶಿರಸಿ ಕಡೆಯ ಹುಡುಗರು ಮೊದಲು ಅವನ್ನು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೇಲ್ ಇಂಗ್ಲಿಷಿನಲ್ಲಿತ್ತು. ಅನುಭವ, ಕ್ಯಾಮೆರಾಗಳ ವಿವರ, ಹತ್ತು ಒಳ್ಳೆಯ ಫೋಟೊಗಳು ಎಲ್ಲವನ್ನೂ ಬರೆದಾದ ಮೇಲೆ ಕೊನೆಯಲ್ಲಿ ನಾನು ಸೇರಿಸಿದ ಎರಡು ವಾಕ್ಯಗಳ ಅರ್ಥ ಹೀಗಿತ್ತು: “ಸೀಸನ್ನಿನ ಯಾವ ದಿನಾಂಕವನ್ನು ಬೇಕಾದರೂ ನಿಮಗಾಗಿ ಕಾಯ್ದಿರಿಸುತ್ತೇನೆ. ದರವನ್ನು ನಿಮ್ಮ ಬಜೆಟ್ಟಿಗೆ ಹೊಂದಿಸಿಕೊಳ್ಳಬಹುದು.” ಬರೆಯುವಾಗ ಇವು ಸೌಜನ್ಯದ ಮಾತುಗಳೆಂದೇ ನನಗೆ ಅನ್ನಿಸಿತ್ತು. ಓದುವವರಿಗೆ ಅವು ತಿಳಿಸಿದ್ದೇ ಬೇರೆ. ಈ ಮನುಷ್ಯ ಮುಂಗಡ ಕೇಳದೆ ದಿನಾಂಕ ಬಿಟ್ಟುಕೊಡುತ್ತಾನೆ, ಇವನಿಗೆ ತನ್ನದೆಂಬ ದರವಿಲ್ಲ ಎಂದು ಅವರು ಓದಿಕೊಂಡರು.

ಎರಡೇ ದಿನದಲ್ಲಿ ಹುಬ್ಬಳ್ಳಿಯ ಒಬ್ಬ ಪ್ಲಾನರ್‌ರಿಂದ ಉತ್ತರ ಬಂತು. ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ ಕರಾವಳಿಯಲ್ಲಿ ತಮ್ಮದು 9 ಮದುವೆಗಳಿವೆ, ದಿನಾಂಕಗಳ ಪಟ್ಟಿ ಇಲ್ಲಿದೆ, ಒಂಬತ್ತಕ್ಕೂ ಸೇರಿ ಕಡಿಮೆ ದರ ಹೇಳಿ ಎಂದು ಅದರಲ್ಲಿತ್ತು. ಈ ಉತ್ತರದಲ್ಲಿ ಏನಿತ್ತು ಎಂಬುದಕ್ಕಿಂತ ಏನಿರಲಿಲ್ಲ ಎಂಬುದನ್ನು ನಾನು ಆಗಲೇ ನೋಡಬೇಕಿತ್ತು. ಒಂದು ಮದುವೆಯ ಪೂರ್ತಿ ಆಲ್ಬಮ್ ತೋರಿಸಿ ಎಂದು ಅವರು ಕೇಳಲಿಲ್ಲ. ಜೊತೆಗೆ ಯಾರು ಬರುತ್ತಾರೆ, ಮುಹೂರ್ತದ ಹೊತ್ತಿಗೆ ಕ್ಯಾಮೆರಾ ಕೈಕೊಟ್ಟರೆ ಏನು ಮಾಡುತ್ತೀರಿ, ಮಂಟಪದ ಮಂದ ಬೆಳಕಿನಲ್ಲಿ ತೆಗೆದದ್ದು ಹೇಗೆ ಬರುತ್ತದೆ ಎಂಬ ಒಂದು ಪ್ರಶ್ನೆಯೂ ಇರಲಿಲ್ಲ. ತನ್ನ ಹೆಸರಿನಲ್ಲಿ ಬೇರೆಯವರಿಂದ ಕೆಲಸ ಮಾಡಿಸುವ ಪ್ಲಾನರ್‌ಗೆ ಇವೇ ದೊಡ್ಡ ಚಿಂತೆಗಳು. ಕೆಲಸ ನಿಜವಾಗಿ ಕೈಯಲ್ಲಿರುವವರು ಇವನ್ನು ಕೇಳಿಯೇ ಕೇಳುತ್ತಾರೆ. ಇವರು ಕೇಳಿದ್ದು ದಿನಾಂಕ ಮತ್ತು ದರ, ಎರಡೇ.

ನಾನೂ ಒಬ್ಬ ಸಹಾಯಕ ಫೋಟೊಗ್ರಾಫರನೂ ಸೇರಿದ ತಂಡಕ್ಕೆ ದಿನಕ್ಕೆ 28,000 ರೂಪಾಯಿ ನನ್ನ ದರವಾಗಿತ್ತು. ಒಂಬತ್ತು ಮದುವೆ ಎಂಬ ಮಾತನ್ನು ನಂಬಿ ಅದನ್ನು 22,000ಕ್ಕೆ ಇಳಿಸಿದೆ. ಒಂಬತ್ತು ದಿನಾಂಕಗಳಿಗೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ಮುಂಗಡದ ಮಾತು ಎತ್ತಿದಾಗ “ಮೊದಲ ಮದುವೆ ಮುಗೀಲಿ, ಒಟ್ಟಿಗೇ ನೋಡೋಣ್ರಿ” ಎಂದರು. ನಾನು ಒಪ್ಪಿದೆ.

ಮುಹೂರ್ತಗಳ ಲೆಕ್ಕ ಗೊತ್ತಿರುವವರಿಗೆ ಇದರ ಅಪಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಡೆ ತುಳಸಿ ಮದುವೆಯ ನಂತರ ಲಗ್ನಗಳು ಶುರುವಾಗಿ ಧನುರ್ಮಾಸಕ್ಕೆ ನಿಲ್ಲುತ್ತವೆ. 2024ರಲ್ಲಿ ನವೆಂಬರ್ 13ರ ಸುಮಾರಿನಿಂದ ಡಿಸೆಂಬರ್ ನಡುವಿನವರೆಗೆ ಸಿಕ್ಕಿದ್ದು ಹೆಚ್ಚೆಂದರೆ ಒಂದು ತಿಂಗಳು. ಆ ತಿಂಗಳ ಒಳ್ಳೆಯ ಮುಹೂರ್ತಗಳು ಎಲ್ಲರಿಗೂ ಅವೇ ಆಗಿರುವುದರಿಂದ, ಒಬ್ಬರಿಗೆ ಒಂಬತ್ತು ದಿನ ಬಿಟ್ಟುಕೊಟ್ಟರೆ ಆ ಸೀಸನ್ ಪೂರ್ತಿಯಾಗಿ ಅವರ ಕೈಗೆ ಹೋದಂತೆಯೇ. ಶಿರಸಿ ಸಮೀಪದ ಒಂದು ಮನೆ ಮದುವೆಯವರು 70,000 ರೂಪಾಯಿಗೆ ಕೇಳಿದರು, ಅಂಕೋಲಾದ ಇನ್ನೊಬ್ಬರು 55,000ಕ್ಕೆ ಕೇಳಿದರು. ಎರಡಕ್ಕೂ ಆಗುವುದಿಲ್ಲ ಎಂದೆ. ಶಿರಸಿಯ ಆ ಮನೆಯಲ್ಲಿ ಹಿಂದೆ ಅಕ್ಕನ ಮದುವೆಗೂ ನಾನೇ ಫೋಟೊ ತೆಗೆದಿದ್ದೆ. ಅವರು ಬೇಸರದಿಂದಲೇ ಫೋನ್ ಇಟ್ಟದ್ದು ಈಗಲೂ ನನ್ನನ್ನು ಕಾಡುತ್ತದೆ.

ಆಮೇಲೆ ಒಂದೊಂದೇ ದಿನಾಂಕ ಬಿದ್ದುಹೋಗತೊಡಗಿತು. ಪಾರ್ಟಿಯವರು ತಮ್ಮದೇ ಫೋಟೊಗ್ರಾಫರ್ ತರುತ್ತಾರಂತೆ, ಜಾಗ ಬದಲಾಯಿತಂತೆ ಎಂಬ ಸಂದೇಶಗಳು ಬಂದವು. ಒಂದನ್ನಂತೂ ಆರು ದಿನ ಮೊದಲು ತಿಳಿಸಿದರು. ಕೊನೆಗೆ ಉಳಿದದ್ದು ನಾಲ್ಕು ಮದುವೆ, ಒಟ್ಟು ಐದು ದಿನದ ಕೆಲಸ. ನಾನು ಬಿಟ್ಟ ಆ ಎರಡು ಮದುವೆಗಳ ದಿನಾಂಕಗಳೂ ಬಿದ್ದುಹೋದವುಗಳಲ್ಲಿದ್ದವು. ದರ ಮಾತ್ರ ಒಂಬತ್ತು ಮದುವೆಯ ದರವಾಗಿಯೇ ಉಳಿಯಿತು. ಸಂಖ್ಯೆ ಕಡಿಮೆಯಾದರೆ ಹಳೆಯ ದರ ಎಂದು ನಾನು ಎಲ್ಲಿಯೂ ಬರೆದಿರಲಿಲ್ಲವಾದ್ದರಿಂದ ಕೇಳಲು ಬಾಯಿಯೇ ಬರಲಿಲ್ಲ.

ಹಣ ಸಿಕ್ಕಿಬಿದ್ದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಗೋಕರ್ಣದ ಬಳಿಯ ಮೊದಲ ಮದುವೆಯ ರಾತ್ರಿ ಹನ್ನೊಂದೂವರೆಗೆ ಊಟದ ಚಪ್ಪರದ ಹಿಂದೆ ನಾವು ಲೈಟ್ ಸ್ಟ್ಯಾಂಡ್ ಮಡಚುತ್ತಿದ್ದೆವು. ಅವರ ಕೋಆರ್ಡಿನೇಟರ್ ಹುಡುಗ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು, “ಅಣ್ಣಾರ, ಕಾರ್ಡ್ ಕೊಡ್ರಿ, ಕಾಪಿ ಮಾಡ್ಕೊಂಡು ವಾಪಸ್ ಕೊಡ್ತೀನ್ರಿ” ಎಂದ. ಎರಡು ಕ್ಯಾಮೆರಾಗಳ ನಾಲ್ಕು ಕಾರ್ಡುಗಳನ್ನು ಕೊಟ್ಟೆ. ಮೂರು ಸಾವಿರಕ್ಕೂ ಹೆಚ್ಚು ಫೋಟೊಗಳ ರಾ ಫೈಲುಗಳು ಅವನ ಹಾರ್ಡ್ ಡಿಸ್ಕಿಗೆ ಇಳಿಯುವವರೆಗೆ, ಉಪ್ಪುಗಾಳಿಗೆ ಮಂಜಾದ ಲೆನ್ಸುಗಳನ್ನು ಒರೆಸುತ್ತ ಪಕ್ಕದಲ್ಲೇ ನಿಂತಿದ್ದೆ. ಎಡಿಟಿಂಗ್ ಅವರದೇ ಆಗಿದ್ದರಿಂದ, ಆ ಗಳಿಗೆಯ ನಂತರ ಅವರಿಗೆ ನನ್ನಿಂದ ಆಗಬೇಕಾದ್ದು ಏನೂ ಉಳಿಯಲಿಲ್ಲ. ನೇರವಾಗಿ ಹಿಡಿದ ಮದುವೆಯಲ್ಲಿ ಆಲ್ಬಮ್ ನಮ್ಮ ಹತ್ತಿರ ಇರುವವರೆಗೆ ಬಾಕಿ ಕೇಳಲು ಒಂದು ಆಧಾರವಿರುತ್ತದೆ. ಸಬ್ ಕಾಂಟ್ರ್ಯಾಕ್ಟಿನಲ್ಲಿ ಆ ಆಧಾರ ಚಪ್ಪರದ ಹಿಂದೆಯೇ ಕೈಬಿಟ್ಟುಹೋಗುತ್ತದೆ. ನಾಲ್ಕೂ ಮದುವೆಯಲ್ಲಿ ಹೀಗೆಯೇ ಆಯಿತು.

ಐದು ದಿನಕ್ಕೆ ನನ್ನ ಬಿಲ್ 1,10,000 ರೂಪಾಯಿ. ಮೊದಲ ಮದುವೆಯ ನಂತರ 30,000 ಬಂತು. ಸಹಾಯಕನಿಗೆ ದಿನಕ್ಕೆ 8,000ದಂತೆ 40,000 ರೂಪಾಯಿಯನ್ನು ನಾನು ಆಯಾ ದಿನವೇ ಕೊಟ್ಟಿದ್ದೆ. ಉಳಿದದ್ದನ್ನು ಕೇಳಿದಾಗಲೆಲ್ಲ “ಪಾರ್ಟಿಯಿಂದ ಬಂದ ಮೇಲೆ ಹಾಕ್ತೇವ್ರಿ” ಎಂಬ ಒಂದೇ ಉತ್ತರ. ಪಾರ್ಟಿ ಅವರಿಗೆ ಕೊಟ್ಟಿದೆಯೋ ಇಲ್ಲವೋ ಎಂದು ತಿಳಿಯಲು ನನಗೆ ದಾರಿಯೇ ಇರಲಿಲ್ಲ. ಫೆಬ್ರವರಿಯಲ್ಲಿ 35,000 ಹಾಕಿದರು. ಅಲ್ಲಿಗೆ ನಿಂತಿತು.

ವಕೀಲರೊಬ್ಬರ ಹತ್ತಿರ ಹೋದಾಗ ನನಗೆ ಗೊತ್ತಿಲ್ಲದ ಒಂದು ವಿಷಯ ತಿಳಿಯಿತು. ಉದ್ಯಮ್ ನೋಂದಣಿ ಇರುವ ಸಣ್ಣ ಉದ್ದಿಮೆದಾರರಿಗೆ, ಸೇವೆ ಒದಗಿಸುವವರಿಗೂ ಸೇರಿ, 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆಯ, ಅಂದರೆ ಎಂಎಸ್‌ಎಂಇಡಿ ಕಾಯ್ದೆಯ ರಕ್ಷಣೆ ಇದೆ. ಲಿಖಿತ ಒಪ್ಪಂದವಿದ್ದರೂ ಹಣ ಕೊಡಲು 45 ದಿನಕ್ಕಿಂತ ಹೆಚ್ಚು ಗಡುವು ಇಡುವಂತಿಲ್ಲ. ಅದನ್ನು ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು, ಬಾಕಿಗಾಗಿ ಸೌಲಭ್ಯ ಮಂಡಳಿಗೆ ದೂರನ್ನೂ ಕೊಡಬಹುದು. ನಾನು ನೋಂದಣಿ ಮಾಡಿಸಿದ್ದು ಜನವರಿಯಲ್ಲಿ, ಕೆಲಸವೆಲ್ಲ ಮುಗಿದ ಮೇಲೆ. ಆಮೇಲೆ ಮಾಡಿಸಿದ ನೋಂದಣಿಯಿಂದ ಹಿಂದಿನ ವ್ಯವಹಾರಕ್ಕೆ ಈ ಲಾಭ ಸಿಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿರುವುದರಿಂದ ಆ ದಾರಿಯನ್ನು ನೆಚ್ಚಬೇಡಿ ಎಂದರು. ಆಧಾರ್ ಮತ್ತು ಪ್ಯಾನ್ ಇದ್ದರೆ ಆನ್‌ಲೈನಿನಲ್ಲಿ ಒಂದು ರೂಪಾಯಿ ಖರ್ಚಿಲ್ಲದೆ ಆಗುವ ಈ ನೋಂದಣಿಯನ್ನು ಮೇಲ್ ಬರೆಯುವ ಮೊದಲೇ ಮಾಡಿಸಿ, ಅದರ ಸಂಖ್ಯೆಯನ್ನು ಮೇಲ್‌ನಲ್ಲಿ ನಿಮ್ಮ ಹೆಸರಿನ ಕೆಳಗೇ ಬರೆಯಿರಿ.

ಇನ್ನೊಂದು ಪೆಟ್ಟು ಚಿಕ್ಕದು, ಆದರೆ ನೋವು ಕಡಿಮೆಯದಲ್ಲ. ಆ ನಾಲ್ಕು ಮದುವೆಗಳಲ್ಲಿ ಒಂದರ ಎರಡು ಫೋಟೊಗಳನ್ನು ನನ್ನ ಇನ್‌ಸ್ಟಾಗ್ರಾಂ ಪುಟದಲ್ಲಿ ಹಾಕಿದ ದಿನವೇ ತೆಗೆಯಿರಿ ಎಂದು ಫೋನ್ ಬಂತು. ಹಣ ಪಡೆದು ಇನ್ನೊಬ್ಬರಿಗಾಗಿ ತೆಗೆದ ಫೋಟೊದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರದು ಎಂದು 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಮುಂದಿನ ಕೆಲಸ ಕೇಳಲು ತೋರಿಸಬೇಕಾದ ಫೋಟೊಗಳೇ ನನ್ನ ಕೈಯಲ್ಲಿ ಉಳಿಯಲಿಲ್ಲ.

ಅದರ ಮುಂದಿನ ಸೀಸನ್ನಿಗೆ ನಾನು 26 ಮಂದಿಗೆ ಬರೆಯಲಿಲ್ಲ. ಕರಾವಳಿಯಲ್ಲಿ ಈಗಾಗಲೇ ಮದುವೆ ನಡೆಸಿದ್ದಾರೆಂದು ಅವರ ಪುಟಗಳಲ್ಲಿ ಕಣ್ಣಾರೆ ನೋಡಿದ ಐದು ಪ್ಲಾನರ್‌ಗಳಿಗೆ ಮಾತ್ರ, ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಬರೆದೆ. ಬಜೆಟ್ಟಿಗೆ ಹೊಂದಿಕೊಳ್ಳುತ್ತೇನೆ ಎನ್ನುವ ಬದಲು ಸ್ಥಳೀಯನಾಗಿ ನನ್ನಿಂದ ಅವರಿಗೆ ಏನು ಉಳಿಯುತ್ತದೆ ಎಂದು ಹೇಳಿದೆ. ಗೋಕರ್ಣದ ಕೆಲಸಕ್ಕೆ ನನ್ನ ತಂಡಕ್ಕೆ ವಸತಿ ಬೇಕಾಗಿಲ್ಲ. ಕಾರವಾರದಲ್ಲಿ ನೌಕಾನೆಲೆ ಇರುವುದರಿಂದ ಎಲ್ಲೆಂದರಲ್ಲಿ ಡ್ರೋನ್ ಹಾರಿಸುವಂತಿಲ್ಲ, ಆದ್ದರಿಂದ ಪಾರ್ಟಿಗೆ ಡ್ರೋನ್ ಶಾಟ್ ಒಪ್ಪಿಕೊಳ್ಳುವ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗವನ್ನು ನಾನು ನೋಡಿಕೊಡುತ್ತೇನೆ ಎಂದೆ. ಹತ್ತು ಆಯ್ದ ಫೋಟೊಗಳ ಬದಲು, ರಾತ್ರಿ ಲಗ್ನದ ಒಂದು ಪೂರ್ತಿ ಮದುವೆಯ ಲಿಂಕ್ ಕೊಟ್ಟೆ. ಕೊನೆಯಲ್ಲಿ ಹಿಂದೆ ಸೌಜನ್ಯದ ಮಾತುಗಳಿದ್ದ ಜಾಗದಲ್ಲಿ ಇದನ್ನು ಬರೆದೆ:

“ತಂಡದ ದರ ದಿನಕ್ಕೆ 28,000 ರೂಪಾಯಿ. ದಿನಾಂಕ ಕಾಯ್ದಿರಿಸಲು ಪ್ರತಿ ಮದುವೆಗೆ 7,000 ಮುಂಗಡ ಬೇಕು, ಮದುವೆಗೆ 21 ದಿನಕ್ಕಿಂತ ಕಡಿಮೆ ಇರುವಾಗ ರದ್ದಾದರೆ ಅದು ಮರಳುವುದಿಲ್ಲ. ಸೀಸನ್ನಿನಲ್ಲಿ ಆರು ಮದುವೆ ಮುಗಿದರೆ ಆರನೆಯ ಬಿಲ್ಲಿನಲ್ಲಿ ರಿಯಾಯಿತಿ ಕೊಡುತ್ತೇನೆ. ಅಂದು ರಾತ್ರಿ ಜೆಪೆಗ್ ಪ್ರತಿ ಕೊಡುತ್ತೇನೆ, ರಾ ಫೈಲುಗಳನ್ನು ಬಾಕಿ ಹಣ ಬಂದ ದಿನ ಕೊಡುತ್ತೇನೆ. ಪಾರ್ಟಿಯಿಂದ ನಿಮಗೆ ಹಣ ಬರುವುದಕ್ಕೂ ಈ ಬಾಕಿಗೂ ಸಂಬಂಧವಿರುವುದಿಲ್ಲ. ಆಲ್ಬಮ್ ಕೊಟ್ಟು 60 ದಿನವಾದ ಮೇಲೆ ವಧೂವರರ ಒಪ್ಪಿಗೆಯಿದ್ದರೆ ಹತ್ತು ಫೋಟೊಗಳನ್ನು ನನ್ನ ಪುಟದಲ್ಲಿ ಬಳಸುತ್ತೇನೆ.”

ರಿಯಾಯಿತಿಯನ್ನು ಮೊದಲ ಬಿಲ್ಲಿಗಲ್ಲ, ಆರನೆಯದಕ್ಕೆ ಇಟ್ಟದ್ದೇ ಇದರಲ್ಲಿ ನಾನು ಹೆಚ್ಚು ಯೋಚಿಸಿ ಬರೆದ ಭಾಗ. ಮದುವೆಗಳು ನಿಜವಾಗಿ ನಡೆದ ಮೇಲೆಯೇ ಕಡಿಮೆ ದರ ಜಾರಿಗೆ ಬರುವುದರಿಂದ, ಸುಳ್ಳು ಸಂಖ್ಯೆ ಹೇಳಿ ದರ ಇಳಿಸುವವರಿಗೆ ಅದು ಸಿಗುವುದಿಲ್ಲ.

ಐವರಲ್ಲಿ ಮೂವರು ಉತ್ತರಿಸಲೇ ಇಲ್ಲ. ಒಬ್ಬರು ಮುಂಗಡ ಆಗುವುದಿಲ್ಲ ಎಂದರು, ಅವರಿಗೆ ಧನ್ಯವಾದ ಹೇಳಿ ಬಿಟ್ಟೆ. ಉಳಿದ ಒಬ್ಬರು ಗೋವಾದವರು. ಪೂರ್ತಿ ಮದುವೆಯ ಲಿಂಕ್ ನೋಡಿ, ಧಾರೆಯ ಹೊತ್ತಿಗೆ ಎರಡನೆಯ ಕ್ಯಾಮೆರಾ ಎಲ್ಲಿ ನಿಂತಿತ್ತು ಎಂದು ಫೋನ್ ಮಾಡಿ ಕೇಳಿದರು. ರಾ ಫೈಲುಗಳನ್ನು ಏಳು ದಿನದೊಳಗೆ ಕೊಡಬೇಕು, ಬಾಕಿಯನ್ನು ತಾವೂ ಅಷ್ಟರೊಳಗೆ ತೀರಿಸುತ್ತೇವೆ ಎಂದು ತಿದ್ದುಪಡಿ ಹೇಳಿ, ಮೂರು ದಿನಾಂಕಗಳಿಗೆ 21,000 ರೂಪಾಯಿ ಮುಂಗಡ ಹಾಕಿದರು. ಮೂರೂ ಮದುವೆ ನಡೆದವು, ಮೂರರ ಬಾಕಿಯೂ ಬಂದಿದೆ.