ಕ್ಲ್ಯಾಶ್ ಸೊನ್ನೆ ಅಂತ ರಿಪೋರ್ಟ್ ಬಂದಿತ್ತು, ಸೈಟಲ್ಲಿ ಟ್ರೇ ಸೀಲಿಂಗ್‌ಗಿಂತ ಕೆಳಗಿತ್ತು

ಬೆಂಗಳೂರಿನ ಒಂದು ಆಸ್ಪತ್ರೆ ಕಟ್ಟಡ. ನಾನು ಗುತ್ತಿಗೆದಾರರ ಕಡೆಯ ಬಿಮ್ ಕೋಆರ್ಡಿನೇಟರ್, ಅಂದರೆ ಕಟ್ಟಡದ 3ಡಿ ಮಾಡೆಲ್‌ಗಳನ್ನು ಒಂದಕ್ಕೊಂದು ಹೊಂದಿಸಿ ನೋಡುವವನು. ಎರಡನೇ ಮಹಡಿಯ ಕಾರಿಡಾರ್‌ನಲ್ಲಿ ಫಾಲ್ಸ್ ಸೀಲಿಂಗ್‌ನವರು ಲೇಸರ್ ಇಟ್ಟು ಗೋಡೆಗೆ ಗೆರೆ ಹಾಕಿದ ದಿನ ಅವರ ಮೇಸ್ತ್ರಿ ಫೋನ್ ಮಾಡಿದರು. "ಸಾರ್, ಒಂದ್ಸಲ ಬಂದು ನೋಡಿ. ನಿಮ್ಮ ಕೇಬಲ್ ಟ್ರೇ ನಮ್ಮ ಗೆರೆಗಿಂತ ಕೆಳಗೆ ನೇತಾಡ್ತಿದೆ." ಆ ಕಾರಿಡಾರ್‌ನಲ್ಲಿ ಕ್ಲ್ಯಾಶ್ ಸೊನ್ನೆ, ಅಂದರೆ ಮಾಡೆಲ್‌ನಲ್ಲಿ ಯಾವುದೂ ಇನ್ನೊಂದಕ್ಕೆ ತಾಗುತ್ತಿಲ್ಲ ಅಂತ ಸಹಿ ಹಾಕಿದ್ದವನು ನಾನೇ.

ತಪ್ಪು ಕೂತಿದ್ದು ಬಿಮ್ ಎಕ್ಸಿಕ್ಯೂಶನ್ ಪ್ಲಾನಿನ ಒಂದೂವರೆ ಪುಟದಲ್ಲಿ. ಯಾರು ಯಾವುದನ್ನು ಮಾಡೆಲ್ ಮಾಡಬೇಕು, ಎಷ್ಟು ವಿವರಕ್ಕೆ, ಕ್ಲ್ಯಾಶ್ ನೋಡುವುದು ಹೇಗೆ ಅಂತ ಹೇಳುವ ಭಾಗ ಅದು. ಹಳೆ ಪ್ರಾಜೆಕ್ಟಿನದನ್ನೇ ಕಾಪಿ ಮಾಡಿ ಹೆಸರು ಬದಲಾಯಿಸಿದ್ದೆವು. ಕೋಷ್ಟಕದಲ್ಲಿ "ಎಂಇಪಿ – ಕನ್ಸಲ್ಟೆಂಟ್ – ಎಲ್‌ಒಡಿ 300" ಅಂತ ಒಂದೇ ಸಾಲು. ಎಂಇಪಿ ಅಂದರೆ ಎಸಿ, ಕರೆಂಟು, ನೀರಿನ ಕೆಲಸಗಳು; ಎಲ್‌ಒಡಿ ಅಂದರೆ ಮಾಡೆಲ್‌ನಲ್ಲಿ ಎಷ್ಟು ವಿವರ ಇರಬೇಕು ಅನ್ನುವ ಮಟ್ಟ. ಓದಿದರೆ ಎಲ್ಲಾ ಸರಿ ಇದೆ ಅಂತಲೇ ಅನಿಸುತ್ತದೆ, ಅಲ್ವಾ?

300 ಅಂದರೆ ವಸ್ತುವಿನ ಅಳತೆ, ಆಕಾರ, ಜಾಗ ಸರಿಯಾಗಿರಬೇಕು ಅಂತ. ಪಕ್ಕದ ವಸ್ತುವಿಗೆ ಅದು ಹೇಗೆ ಅಂಟಿಕೊಳ್ಳುತ್ತದೆ, ಯಾವುದರ ಮೇಲೆ ಕೂರುತ್ತದೆ ಅನ್ನುವುದು 350ರಲ್ಲಿ ಬರುತ್ತದೆ. ಅಂದರೆ ಹ್ಯಾಂಗರ್, ಸಪೋರ್ಟ್ ಎಲ್ಲ 350ರ ಕೆಲಸ. ಕನ್ಸಲ್ಟೆಂಟ್ ತಮ್ಮ 300 ಕೊಟ್ಟು ಕೈತೊಳೆದುಕೊಂಡರು. ಸಪೋರ್ಟ್ ಯಾರದ್ದು ಅನ್ನುವ ಸಾಲೇ ಕೋಷ್ಟಕದಲ್ಲಿ ಇರಲಿಲ್ಲ. ಅವರು ಮಾಡುತ್ತಾರೆ ಅಂತ ನಾವು, ನಾವು ಮಾಡುತ್ತೇವೆ ಅಂತ ಅವರು.

ಲೆಕ್ಕ ನೋಡಿ. (ಬಿಮ್, ಬೀಮ್ ಎರಡೂ ಸೇರಿದರೆ ತಲೆ ಕೆಡುತ್ತದೆ, ಅದಕ್ಕೆ ಬೀಮನ್ನು ತೊಲೆ ಅಂತಲೇ ಬರೆಯುತ್ತೇನೆ.) ತೊಲೆಯ ತಳ ನೆಲದಿಂದ 3600 ಮಿ.ಮೀ., ಸೀಲಿಂಗ್ 2700. ನಡುವೆ ಸಿಗುವುದು 900. ಅದರಲ್ಲಿ ಮೇಲಿಂದ ಕೆಳಗೆ ಡಕ್ಟ್ 400, ಚಿಲ್ಡ್ ವಾಟರ್ ಪೈಪ್ 168, ಟ್ರೇ 100. ಒಟ್ಟು 668. ಇನ್ನೂ 232 ಉಳಿಯಿತು ಅಂತ ಖುಷಿ.

ಸೈಟಲ್ಲಿ ಡಕ್ಟ್‌ಗೆ ಸುತ್ತಲೂ 25 ಇನ್ಸುಲೇಶನ್ ಬಂತು, ಪೈಪ್‌ಗೆ 50. ಮೂರಕ್ಕೂ ಕೆಳಗೆ ಹೊತ್ತು ನಿಲ್ಲುವ 41ರ ಚಾನೆಲ್ ಬಂತು. ಡಕ್ಟ್ 491, ಪೈಪ್ 309, ಟ್ರೇ 141. ಕೂಡಿದರೆ 941. ಲೈಟು, ಸೀಲಿಂಗ್ ಫ್ರೇಮು ಇನ್ನೂ ಸೇರಿಸಿಲ್ಲ.

ಬೇಜಾರೇನೆಂದರೆ ಇನ್ಸುಲೇಶನ್ ರೆವಿಟ್ ಮಾಡೆಲ್‌ನಲ್ಲಿ ಇತ್ತು. ಅಲ್ಲಿ ಅದು ಬೇರೆಯೇ ಕೆಟಗರಿ. ಎಕ್ಸ್‌ಪೋರ್ಟ್ ಮಾಡಿದ 3ಡಿ ವ್ಯೂನಲ್ಲಿ ಯಾರೋ ಅದನ್ನು ಆಫ್ ಮಾಡಿದ್ದರು, ಆದ್ದರಿಂದ ನಾವು ಕ್ಲ್ಯಾಶ್ ನೋಡುವ ನೇವಿಸ್‌ವರ್ಕ್ಸ್‌ಗೆ ಬರಲೇ ಇಲ್ಲ. ಇದನ್ನು ಹಿಡಿಯುವುದು ಸುಲಭ: ಒಂದು ಪೈಪನ್ನು ಅಡ್ಡ ಕತ್ತರಿಸಿದ ಹಾಗೆ ಸೆಕ್ಷನ್ ಹಾಕಿ ನೋಡಿ. ಒಂದೇ ಉಂಗುರ ಕಂಡರೆ ಇನ್ಸುಲೇಶನ್ ಬಂದಿಲ್ಲ. ನಾನು ಒಂದು ಸಲವೂ ನೋಡಲಿಲ್ಲ.

ಟೆಸ್ಟ್ ಕೂಡ ನಮಗೆ ನೆರವಾಗಲಿಲ್ಲ. ಪ್ಲಾನಿನಲ್ಲಿ "ವಾರಕ್ಕೊಮ್ಮೆ ಕ್ಲ್ಯಾಶ್ ಟೆಸ್ಟ್" ಅಂತ ಅಷ್ಟೇ ಇತ್ತು. ನಾವು `Hard` ಮಾತ್ರ ಓಡಿಸುತ್ತಿದ್ದೆವು. ಅದು ಒಂದಕ್ಕೊಂದು ತೂರಿದ್ದನ್ನು ಮಾತ್ರ ಹೇಳುತ್ತದೆ, ಅದೂ ಟಾಲರೆನ್ಸ್‌ಗಿಂತ ಜಾಸ್ತಿ ತೂರಿದ್ದರೆ. ಪೈಪ್ ಮತ್ತು ಟ್ರೇ ನಡುವೆ ಕೈ ಹಾಕಲು ಜಾಗ ಇದೆಯಾ ಅಂತ ಕೇಳಬೇಕಾದರೆ `Clearance` ಬೇಕು.

ಇನ್ನೊಂದು ಸಂಗತಿ ಇದಕ್ಕಿಂತ ಹೊಟ್ಟೆ ಉರಿಸಿತು. ಕಾರಿಡಾರ್‌ನ ಕೊನೆಯಲ್ಲಿ ಒಂದು ಡ್ರೈನ್ ಪೈಪ್ ತೊಲೆಯೊಳಗೇ ಹೋಗುತ್ತಿತ್ತು. ಟೆಸ್ಟ್ ಅದನ್ನು ಹಿಡಿದಿತ್ತು. ಗುರುವಾರದ ಮೀಟಿಂಗ್‌ನಲ್ಲಿ ಕನ್ಸಲ್ಟೆಂಟ್ "ಆಯ್ತು, ಸರಿಸ್ತೀವಿ" ಅಂದರು. ನಮ್ಮ ಹುಡುಗ ಒಪ್ಪಿದ್ದಾರಲ್ಲ ಅಂತ `Approved` ಒತ್ತಿದ. ಅದರ ಅರ್ಥ ಬೇರೆ: ಈ ಕ್ಲ್ಯಾಶ್ ಹಾಗೇ ಇರಲಿ ಅಂತ. ಮತ್ತೆ ಟೆಸ್ಟ್ ಓಡಿಸಿದರೂ ಅದು `Approved` ಆಗಿಯೇ ಉಳಿಯುತ್ತದೆ, ನಮ್ಮ ರಿಪೋರ್ಟ್ ಫಿಲ್ಟರ್‌ನಲ್ಲಿ ಕಾಣಲಿಲ್ಲ. `Resolved` ಒತ್ತಿದ್ದರೂ ಪರವಾಗಿರಲಿಲ್ಲ. ಪೈಪ್ ಸರಿಸದಿದ್ದರೆ ಮುಂದಿನ ಸಲ ಅದು ತಾನಾಗಿ `New` ಆಗಿ ಎದ್ದು ಬರುತ್ತಿತ್ತು. ಯಾವ ಬಟನ್ ಯಾರು ಒತ್ತಬೇಕು ಅಂತ ಪ್ಲಾನಿನಲ್ಲಿ ಒಂದಕ್ಷರ ಇರಲಿಲ್ಲ, ಹುಡುಗನನ್ನು ಬೈದು ಏನು ಮಾಡಲಿ? ತೊಲೆಯನ್ನು, ಪೈಪ್ ತೂರಲು ಮೊದಲೇ ಇಡುವ ಸ್ಲೀವ್ ಇಲ್ಲದೆ ಹಾಕಿಬಿಟ್ಟಿದ್ದರು. ಆಮೇಲೆ ತೂತು ಕೊರೆಯುವ ಕೋರ್ ಕಟಿಂಗ್‌ಗೆ ಸ್ಟ್ರಕ್ಚರಲ್ ಎಂಜಿನಿಯರ್ ಒಪ್ಪಲಿಲ್ಲ. ಡ್ರೈನ್ ಸುತ್ತಿಬಳಸಿ ಹೋಯಿತು.

ಈಗ ನಾನು ಬರೆಯುವ ಕೋಷ್ಟಕದಲ್ಲಿ ಎಂಇಪಿ ಅನ್ನುವ ಸಾಲೇ ಇಲ್ಲ. ಡಕ್ಟ್, ಡಕ್ಟ್ ಇನ್ಸುಲೇಶನ್, ಸಪೋರ್ಟ್, ತೊಲೆಯ ಸ್ಲೀವ್, ಒಂದೊಂದಕ್ಕೂ ಒಂದೊಂದು ಸಾಲು. ಪ್ರತಿ ಸಾಲಿಗೂ ಒಂದೇ ಕಂಪನಿಯ ಹೆಸರು, ಯಾವ ಹಂತಕ್ಕೆ ಎಷ್ಟು ಎಲ್‌ಒಡಿ ಅಂತ. "ಇಬ್ಬರೂ ಸೇರಿ" ಅಂತ ಯಾರಾದರೂ ಬರೆದರೆ ಒಪ್ಪುವುದಿಲ್ಲ. `Approved` ಒತ್ತುವ ಹಕ್ಕು ಒಬ್ಬರಿಗೆ ಮಾತ್ರ, ಅದೂ ಕಾರಣ ಕಾಮೆಂಟ್‌ನಲ್ಲಿ ಬರೆದು.

ಆ ಕಾರಿಡಾರ್‌ನಲ್ಲಿ 22 ಮೀಟರ್ ಉದ್ದಕ್ಕೆ ಸೀಲಿಂಗನ್ನು 2550ಕ್ಕೆ ಇಳಿಸಿದೆವು. ಲಿಫ್ಟ್‌ನಿಂದ ಹೊರಗೆ ಬಂದು ತಲೆ ಎತ್ತಿದರೆ ಸೀಲಿಂಗ್ ಇಳಿದ ಆ ಮೆಟ್ಟಿಲು ಈಗಲೂ ಕಾಣುತ್ತದೆ.