ನೆಟ್ ಸ್ಲೋ ಅಂತ ಪ್ಲಾನ್ ಬದಲಿಸುವ ಮುಂಚೆ ಬ್ರೌಸರ್ ನೋಡಿ

ಮಂಡ್ಯದಲ್ಲಿ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಂಗಡಿಯೊಂದರಲ್ಲಿ ಆದದ್ದು ಇದು. ಪಹಣಿ ಪುಟ ತೆರೆಯಲು ಅರ್ಧ ನಿಮಿಷ ಹಿಡಿಯುತ್ತಿತ್ತು. ಅರ್ಜಿಯಲ್ಲಿ ಹೆಸರು ಟೈಪ್ ಮಾಡಿದರೆ ಅಕ್ಷರ ತಡವಾಗಿ ಮೂಡುತ್ತಿತ್ತು. ದೂರು ಕೊಟ್ಟಾಗ ಬಂದ ಕೇಬಲ್ ಹುಡುಗ ಅದೇ ಕಂಪ್ಯೂಟರಿನ ಅದೇ ಬ್ರೌಸರಿನಲ್ಲಿ ಸ್ಪೀಡ್ ಟೆಸ್ಟ್ ಓಡಿಸಿದ. 40 ಎಂಬಿಪಿಎಸ್ ಪ್ಲಾನಿಗೆ ಬಂದದ್ದು 11. ‘ರೂಟರ್ ಹಳೇದು ಸಾರ್’ ಅಂದ. ಹೊಸ ರೂಟರ್ ಬಂತು, ಆಮೇಲೆ 100ರ ಪ್ಲಾನ್ ಬಂತು. ಪಹಣಿ ಮಾತ್ರ ಮೊದಲಿನಷ್ಟೇ ನಿಧಾನ.

ಸುಳಿವು ಮೊದಲೇ ಕಣ್ಣೆದುರಿಗಿತ್ತು. ಖಾಲಿ ಜಾಗದಲ್ಲಿ ಹೆಸರು ಟೈಪ್ ಮಾಡಲು ಸಾಮಾನ್ಯವಾಗಿ ನೆಟ್ಟೇ ಬೇಕಿಲ್ಲ. ಅಕ್ಷರ ತಡವಾಗುತ್ತಿದ್ದರೆ, ಸ್ಕ್ರೋಲ್ ಮಾಡುವಾಗ ಪುಟ ತಡವರಿಸಿದರೆ, ಟ್ಯಾಬ್ ಬದಲಿಸಿದಾಗ ಬಿಳಿ ಪರದೆ ನಿಂತರೆ ಮೊದಲು ಅನುಮಾನಿಸಬೇಕಾದ್ದು ಕಂಪ್ಯೂಟರನ್ನು. ಸ್ಪೀಡ್ ಟೆಸ್ಟೂ ಬ್ರೌಸರಿನೊಳಗೇ ಓಡುವ ಕೆಲಸ. ಪ್ರೊಸೆಸರಿಗೆ ಬಿಡುವಿಲ್ಲದಿದ್ದರೆ ಅದರ ಅಂಕಿಯೂ ಬೀಳುತ್ತದೆ. ಆ 11 ಲೈನಿನ ವೇಗವಾಗಿರಲಿಲ್ಲ. 100ರ ಪ್ಲಾನ್ ಬಂದ ಮೇಲೆ ಅಂಗಡಿಯ ಫೋನಿನಲ್ಲಿ ಮೊಬೈಲ್ ಡೇಟಾ ಆಫ್ ಮಾಡಿ, ಅದೇ ವೈಫೈನಲ್ಲಿ ಪರೀಕ್ಷಿಸಿದಾಗ 90 ದಾಟಿತು.

ಕಂಪ್ಯೂಟರಿನಲ್ಲಿದ್ದ ರ‍್ಯಾಮ್ 4 ಜಿಬಿ, ಜೊತೆಗೆ ಹಳೆಯ ಹಾರ್ಡ್ ಡಿಸ್ಕ್. ಬೆಳಿಗ್ಗೆಯಿಂದ ಮುಚ್ಚದೆ ಬಿಟ್ಟ ಟ್ಯಾಬುಗಳು ಮೂವತ್ತರ ಮೇಲೆ. ರ‍್ಯಾಮ್ ತುಂಬಿದಾಗ ವಿಂಡೋಸ್ ಉಳಿದದ್ದನ್ನು ಡಿಸ್ಕಿಗೆ ಬರೆಯುತ್ತದೆ, ಮತ್ತೆ ಓದುತ್ತದೆ. ಹಾರ್ಡ್ ಡಿಸ್ಕಿನಲ್ಲಿ ಇದಕ್ಕೆ ಸೆಕೆಂಡುಗಳೇ ಹಿಡಿಯುತ್ತವೆ. ಕ್ರೋಮ್ ಕೂಡ ಜಾಗ ಸಾಲದಾಗ ಹಳೆಯ ಟ್ಯಾಬುಗಳನ್ನು ಮೆಮೊರಿಯಿಂದ ಇಳಿಸಿಬಿಡುತ್ತದೆ. ಅದರ ಮೇಲೆ ಒತ್ತಿದರೆ ಪುಟ ಮೊದಲಿನಿಂದ ಲೋಡ್ ಆಗಬೇಕು. ನೋಡುವವರಿಗೆ ಅದು ‘ನೆಟ್ ಸ್ಲೋ’ ಅಂತಲೇ ಕಾಣುತ್ತದೆ.

ಟ್ಯಾಬುಗಳನ್ನು ಮುಚ್ಚಿದ ಮೇಲೂ ಅರ್ಧ ತೊಂದರೆ ಉಳಿಯಿತು. ಅದು ಎಕ್ಸ್‌ಟೆನ್ಶನ್‌ಗಳದು, ಅಂದರೆ ಬ್ರೌಸರಿಗೆ ಸೇರಿಸಿಕೊಂಡ ಪುಟ್ಟ ಪ್ರೋಗ್ರಾಂಗಳದು: ಎರಡು ಆಡ್ ಬ್ಲಾಕರ್, ಒಂದು ಪಿಡಿಎಫ್ ಕನ್ವರ್ಟರ್, ಯಾರೋ ಹಾಕಿಹೋದ ಕೂಪನ್ ಹುಡುಕುವ ಒಂದು. Shift+Esc ಒತ್ತಿದರೆ ಕ್ರೋಮ್‌ನದೇ Task manager ಬರುತ್ತದೆ. ಅಲ್ಲಿ CPU ಕಾಲಂ ಮೇಲೆ ಒತ್ತಿ ಸಾಲು ಜೋಡಿಸಿ, Extension ಅಂತ ಶುರುವಾಗುವ ಸಾಲು ಮೇಲೆ ಕೂತಿದೆಯೇ ನೋಡಿ. ಆದರೆ ಇಲ್ಲೊಂದು ಮೋಸವಿದೆ. ಎಕ್ಸ್‌ಟೆನ್ಶನ್ ಪ್ರತಿ ಪುಟದೊಳಗೆ ತೂರಿಸುವ ಸ್ಕ್ರಿಪ್ಟಿನ ಹೊರೆ ಆ ಟ್ಯಾಬಿನ ಲೆಕ್ಕಕ್ಕೆ ಹೋಗುತ್ತದೆ, ಎಕ್ಸ್‌ಟೆನ್ಶನ್ ಸಾಲಿನಲ್ಲಿ ಕಾಣುವುದಿಲ್ಲ. ಕೂಪನ್‌ದು ಹಾಗೆ ತಪ್ಪಿಸಿಕೊಂಡಿತ್ತು.

ಆದ್ದರಿಂದ ಪರೀಕ್ಷೆ ಹೀಗೆ ಮಾಡಿ. ಒಂದನ್ನು ಬಿಟ್ಟು ಉಳಿದ ಟ್ಯಾಬುಗಳನ್ನೆಲ್ಲ ಮುಚ್ಚಿ, Ctrl+Shift+N ಒತ್ತಿ ಇನ್‌ಕಾಗ್ನಿಟೋ ಕಿಟಕಿಯಲ್ಲಿ ಅದೇ ಪುಟ ತೆರೆಯಿರಿ. ನೀವಾಗಿ ಅನುಮತಿ ಕೊಟ್ಟಿರದಿದ್ದರೆ ಅಲ್ಲಿ ಎಕ್ಸ್‌ಟೆನ್ಶನ್‌ಗಳು ಓಡುವುದಿಲ್ಲ, ಹಿಂದೆ ನೋಡಿದ ಪುಟಗಳಿಂದ ಬ್ರೌಸರ್ ಉಳಿಸಿಟ್ಟ ಫೈಲುಗಳು, ಅಂದರೆ ಹಳೆಯ ಕ್ಯಾಶೂ ಬರುವುದಿಲ್ಲ. ಪುಟ ಚುರುಕಾದರೆ chrome://extensions ತೆರೆದು ಎಲ್ಲವನ್ನೂ ಆಫ್ ಮಾಡಿ, ಒಂದೊಂದಾಗಿ ಆನ್ ಮಾಡುತ್ತ ಪ್ರತಿ ಸಲವೂ ಪುಟ ರಿಲೋಡ್ ಮಾಡಿ. ಇಟ್ಟುಕೊಳ್ಳಲೇಬೇಕಾದ ಎಕ್ಸ್‌ಟೆನ್ಶನ್‌ಗೆ Details ಒಳಗೆ Site access ಅನ್ನು On click ಮಾಡಿ. ನೀವು ಕರೆದಾಗ ಮಾತ್ರ ಬರುತ್ತದೆ. ಆಡ್ ಬ್ಲಾಕರಿಗೆ ಇದು ಹೊಂದುವುದಿಲ್ಲ, ಎರಡಿದ್ದರೆ ಒಂದನ್ನು ತೆಗೆಯುವುದೇ ಸರಿ. ವೇಗದ ಮಾತು ಬಿಡಿ: ಎಲ್ಲ ಸೈಟುಗಳ ಡೇಟಾ ಓದುವ ಅನುಮತಿ ಇರುವ ಎಕ್ಸ್‌ಟೆನ್ಶನ್ ನೀವು ಟೈಪ್ ಮಾಡುವ ಗಿರಾಕಿಯ ಆಧಾರ್ ನಂಬರನ್ನೂ ಓದಬಲ್ಲದು. ಅಂಥ ಅಂಗಡಿಯಲ್ಲಿ ಕೂಪನ್ ಹುಡುಕುವುದಕ್ಕೆ ಏನು ಕೆಲಸ?

ಕ್ಯಾಶ್ ಮೇಲೆ ಜನ ಹೊರಿಸುವಷ್ಟು ತಪ್ಪು ಅದರದ್ದಲ್ಲ. ಮಿತಿ ಮುಟ್ಟಿದಾಗ ಬ್ರೌಸರ್ ತಾನೇ ಹಳೆಯದನ್ನು ಅಳಿಸುತ್ತದೆ. ತೊಂದರೆ ಬರುವುದು C ಡ್ರೈವಿನಲ್ಲಿ ಜಾಗವೇ ಉಳಿಯದಾಗ, ಇಲ್ಲವೇ ಉಳಿಸಿಟ್ಟ ಫೈಲು ಕೆಟ್ಟಾಗ. ಒಂದೇ ಸೈಟು ಅರ್ಧ ಬಂದು ನಿಂತು ಬೇರೆಲ್ಲ ಸರಿಯಿದ್ದರೆ ಮೊದಲು Ctrl+F5 ಒತ್ತಿ. ಬಗ್ಗದಿದ್ದರೆ Ctrl+Shift+Delete ಒತ್ತಿ Cached images and files ಒಂದನ್ನೇ ಆರಿಸಿ. Cookies ಸಾಲಿನ ಗುರುತು ತೆಗೆಯದಿದ್ದರೆ ಎಲ್ಲ ಲಾಗಿನ್ನೂ ಹೋಗುತ್ತದೆ. ದಿನಾ ಕ್ಯಾಶ್ ಅಳಿಸುವುದೂ ಬೇಡ, ಪುಟದ ಚಿತ್ರ, ಸ್ಕ್ರಿಪ್ಟುಗಳನ್ನೆಲ್ಲ ಮತ್ತೆ ಇಳಿಸಬೇಕಾಗಿ ಇನ್ನೂ ನಿಧಾನವಾಗುತ್ತದೆ.

ಇನ್‌ಕಾಗ್ನಿಟೋದಲ್ಲೂ ನಿಧಾನವೇ ಇದ್ದರೆ ಕಮಾಂಡ್ ಪ್ರಾಂಪ್ಟ್ ತೆರೆದು ಇದನ್ನು ಓಡಿಸಿ:

```
ping -n 20 8.8.8.8
```

ಗೂಗಲ್ ಸರ್ವರಿನಿಂದ ಬರುವ ಉತ್ತರಗಳ ಸಮಯ ಹೆಚ್ಚುಕಡಿಮೆ ಒಂದೇ ಆಗಿದ್ದು, ಫೋನಿನಲ್ಲಿ ಪ್ಲಾನಿನ ವೇಗವೂ ಬರುತ್ತಿದ್ದರೆ ಲೈನ್ ಸರಿಯಿದೆ. ಕಂಪ್ಯೂಟರಿನ ರ‍್ಯಾಮ್ ಅಥವಾ ವೈಫೈ ಕಾರ್ಡ್ ನೋಡಿ. ಕೇಬಲ್ ಹಾಕಿದಾಗ ವೇಗ ಬಂದರೆ ಕಾರಣ ವೈಫೈ. ನಡುನಡುವೆ Request timed out ಬರುತ್ತ, ಫೋನಿನಲ್ಲೂ ವೇಗ ಬಿದ್ದು, ರೂಟರಿಗೆ ನೇರ ಕೇಬಲ್ ಹಾಕಿದಾಗಲೂ ಹಾಗೇ ಇದ್ದರೆ ಕನೆಕ್ಷನ್ ಕೊಟ್ಟವರನ್ನು ಕರೆಯಿರಿ, ಆ ಪರದೆಯ ಫೋಟೋ ತೋರಿಸಿ.